ಗೌಡರ ಅಂಗಿಯ ಅಳತೆ

ರಮೇಶ ದರ್ಜಿ ಕೆಲಸ ಕಲಿಯುತ್ತಿದ್ದ. ಇಷ್ಟು ದಿನ ಕಾಜ, ಗುಂಡಿ ಹೊಲಿದಿದ್ದ. ಇವತ್ತು ಮೊದಲ ಸಲ ಟೇಪು ಹಿಡಿದ. ಬಂದವರು ಗೌಡರು. ಅವರಿಗೆ ಯಾವ ಅಂಗಿಯೂ ಹಿಡಿಸುವುದಿಲ್ಲ.

“ಹೋದ ಸಲ ಹೊಟ್ಟೆ ಹತ್ತಿರ ಬಿಗಿಯಾಯ್ತು. ಗುಂಡಿ ಕಿತ್ತು ಬಂತು. ಸರಿಯಾಗಿ ಅಳತೆ ತಗೋ,” ಅಂದರು.

ಕಂಕುಳ ಕೆಳಗೆ ಟೇಪು ಸುತ್ತಿ, ಒಳಗೆ ಎರಡು ಬೆರಳು ಇಟ್ಟು ಎದೆ ಅಳೆದ. 38 ಇಂಚು. ಹೊಟ್ಟೆಯೂ 38. ಬರೆಯಲು ಹೋದಾಗ ಯಜಮಾನರು ಕಣ್ಣಲ್ಲೇ ಬೇಡ ಅಂದರು. ನೋಡಿದರೆ, ಗೌಡರು ಉಸಿರು ಹಿಡಿದು ಹೊಟ್ಟೆ ಒಳಗೆ ಎಳೆದುಕೊಂಡಿದ್ದಾರೆ! ಟೇಪು ಕಂಡರೆ ಬಹಳ ಜನ ಹೀಗೇ.

ಹೊಟ್ಟೆಗೆ ಮತ್ತೆ ಟೇಪು ಸುತ್ತಿ ರಮೇಶ ಕೇಳಿದ: “ಗೌಡರೇ, ನಿಮ್ಮ ಕಡೆ ಮಳೆ ಆಯ್ತಾ?”

“ಎಲ್ಲಿ ಮಳೆ ಮಾರಾಯ? ರಾಗಿ ಒಣಗ್ತಾ ಇದೆ...”

ಮಾತಾಡುತ್ತಾ ಉಸಿರು ಬಿಟ್ಟರು. ಟೇಪು ರಮೇಶನ ಬೆರಳಲ್ಲಿ ಮೆಲ್ಲಗೆ ಜಾರಿತು. 41!

“ಹೋದ ಸಲ 38 ಇತ್ತಲ್ಲ?”

“ಅದಕ್ಕೇ ಗುಂಡಿ ಕಿತ್ತಿದ್ದು, ಗೌಡರೇ.”

ಯಜಮಾನರು ನಕ್ಕರು. “41ರ ಮೇಲೆ 4 ಇಂಚು ಸಡಿಲ ಬಿಡೋಣ. ಹೆಚ್ಚಾದರೆ ಹಿಡಿದು ಹೊಲಿಯಬಹುದು. ಕತ್ತರಿಸಿದ ಮೇಲೆ ಕಡಿಮೆ ಬಿದ್ದರೆ ಬಟ್ಟೆ ಎಲ್ಲಿಂದ ತರೋದು?”

ಗೌಡರು ಸುಮ್ಮನೆ ತೋಳು ನೀಟಾಗಿ ಚಾಚಿದರು.

“ಮೊಣಕೈ ಸ್ವಲ್ಪ ಮಡಿಸಿ,” ಅಂದ ರಮೇಶ. “ಇಲ್ಲದಿದ್ದರೆ ತೋಳು ಗಿಡ್ಡ ಆಗುತ್ತೆ.”