ಮುದ್ರೆ ನೋಡಿ ಮರುಳಾಗಬೇಡಿ

ಬ್ರಿಟನ್ನಿನಲ್ಲಿರುವ ಕನ್ನಡಿಗ ಗೆಳೆಯರೇ, ಜೂಜಿನ ಜಾಲತಾಣದ ಅಡಿಯಲ್ಲಿ ‘ಪರವಾನಗಿ ಇದೆ’ ಎಂಬ ಮುದ್ರೆ ಕಂಡೊಡನೆ ನಂಬಬೇಡಿ. ಆ ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಿ ಅಂಟಿಸಬಹುದು. ಪರವಾನಗಿ ಇರುವ ತಾಣ ಗ್ಯಾಂಬ್ಲಿಂಗ್ ಕಮಿಷನ್ ಕೊಟ್ಟ ಖಾತೆ ಸಂಖ್ಯೆಯನ್ನು ತೋರಿಸಲೇಬೇಕು. ಅದನ್ನು ಬರೆದುಕೊಳ್ಳಿ. ತಾಣ ಕೊಟ್ಟ ಕೊಂಡಿ ನಕಲಿ ಪುಟಕ್ಕೂ ಒಯ್ಯಬಹುದು. ಅದನ್ನು ಒತ್ತದೆ gamblingcommission.gov.uk ಎಂದು ನೀವೇ ಟೈಪ್ ಮಾಡಿ, ಸಾರ್ವಜನಿಕ ನೋಂದಣಿಯಲ್ಲಿ ಆ ಸಂಖ್ಯೆಯನ್ನು ಹುಡುಕಿ.

ಪರವಾನಗಿ ಈಗಲೂ ಚಾಲ್ತಿಯಲ್ಲಿದೆಯೇ, ಕಂಪನಿಯ ಹೆಸರು ತಾಣದ ನಿಯಮಗಳ ಪುಟದಲ್ಲಿರುವುದೇ ಹೌದೇ ಎಂದು ನೋಡಿ. ಬಳಿಕ ತಾಣದ ಜಾಲವಿಳಾಸವನ್ನು ನೋಂದಣಿಯಲ್ಲಿರುವ ವಿಳಾಸಗಳ ಪಟ್ಟಿಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಪಟ್ಟಿಯಲ್ಲಿ .co.uk ಇದ್ದು, ನಿಮ್ಮೆದುರಿನ ತಾಣ ಪಟ್ಟಿಯಲ್ಲೇ ಇಲ್ಲದ .net ಆಗಿದ್ದರೆ, ಯಾರದೋ ಸಂಖ್ಯೆಯನ್ನು ಕದ್ದು ಹಾಕಿದ್ದಾರೆ ಎಂದು ಅನುಮಾನಿಸಿ, ದೂರವಿರಿ.

ಕೊನೆಗೆ ದೂರಿನ ಪುಟ ಓದಿ. ಎಂಟು ವಾರಗಳಲ್ಲಿ ಕಂಪನಿ ದೂರು ಬಗೆಹರಿಸದಿದ್ದರೆ ಉಚಿತವಾಗಿ ವಿಚಾರಿಸುವ ಸ್ವತಂತ್ರ ಸಂಸ್ಥೆಯ ಹೆಸರು ಅಲ್ಲಿರಬೇಕು. ಕಮಿಷನ್ ತಾನೇ ನಿಮ್ಮ ಹಣ ವಾಪಸು ಕೊಡಿಸುವುದಿಲ್ಲ. ಬರೀ ಚಾಟ್ ಕಿಟಕಿಯಷ್ಟೇ ಇದ್ದರೆ ಹಣ ಹಾಕಬೇಡಿ.

ಊರಿನಲ್ಲಿರುವವರಿಗೂ ಒಂದು ಮಾತು: ವಿದೇಶಿ ಪರವಾನಗಿ ಭಾರತದಲ್ಲಿ ನಡೆಯದು. ಇಲ್ಲಿ 2025ರ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ.