ತರ್ಟಿ-ಫಾರ್ಟಿ ಪ್ಲಾನಿನಲ್ಲಿ ಓಟ್ರ್ಯಾಕ್ ಮತ್ತು ಪೋಲಾರ್

ಆಟೋಕ್ಯಾಡ್‌ನಲ್ಲಿ ಒಂದು ಗೋಡೆಯ ತುದಿ ಇನ್ನೊಂದು ಗೋಡೆಯ ನೇರಕ್ಕೆ ಬರಬೇಕಾದರೆ ಎರಡು ದಾರಿಗಳಿವೆ. ಮೊದಲನೆಯದು ಹಳೆಯ ಡ್ರಾಯಿಂಗ್ ಬೋರ್ಡಿನ ರೂಢಿ: ಮೊದಲ ಗೋಡೆಯಿಂದ ಒಂದು ಸಹಾಯಕ ಗೆರೆ ಎಳೆದು, ಅದು ಎರಡನೆಯ ಗೋಡೆಯನ್ನು ದಾಟುವ ಕಡೆ ನಿಲ್ಲಿಸಿ, ಕೊನೆಗೆ ಆ ಗೆರೆಯನ್ನು ಅಳಿಸುವುದು. ಎರಡನೆಯದು ಆಟೋಕ್ಯಾಡ್ 2000 ಆವೃತ್ತಿಯೊಂದಿಗೆ ಬಂದ ಪೋಲಾರ್ ಟ್ರ್ಯಾಕಿಂಗ್ ಮತ್ತು ಆಬ್ಜೆಕ್ಟ್ ಸ್ನ್ಯಾಪ್ ಟ್ರ್ಯಾಕಿಂಗ್. ಇದರಲ್ಲಿ ಕಮಾಂಡ್ ನಡೆಯುತ್ತಿರುವಾಗಲೇ ಪರದೆಯ ಮೇಲೆ ಚುಕ್ಕಿಗೆರೆ ಮೂಡುತ್ತದೆ. ಬಿಂದು ಸಿಕ್ಕ ಮೇಲೆ ಮಾಯವಾಗುತ್ತದೆ. ಕಡತದಲ್ಲಿ ಏನೂ ಉಳಿಯುವುದಿಲ್ಲ.

ಸಹಕಾರನಗರದಂತಹ ಬಡಾವಣೆಯಲ್ಲಿ ಡ್ರಾಫ್ಟಿಂಗ್ ಮಾಡುವವರ ಕೈಗೆ ಮತ್ತೆ ಮತ್ತೆ ಬರುವುದು ತರ್ಟಿ-ಫಾರ್ಟಿ ಸೈಟು, ಅಂದರೆ 30 ಅಡಿ ಅಗಲ, 40 ಅಡಿ ಉದ್ದದ ನಿವೇಶನ. ಇಷ್ಟು ಚಿಕ್ಕ ಜಾಗದಲ್ಲಿ ಗೋಡೆಗಳು ಒಂದಕ್ಕೊಂದು ಹತ್ತಿರ ಇರುವುದರಿಂದ ಸಹಾಯಕ ಗೆರೆಗಳು ಬಹುಬೇಗ ನಿಜವಾದ ಗೆರೆಗಳೊಡನೆ ಬೆರೆತುಹೋಗುತ್ತವೆ. ಅಳಿಸಲು ಮರೆತ ಒಂದು ಗೆರೆ ಒಂಬತ್ತು ಇಂಚಿನ ಗೋಡೆಯ ಪಕ್ಕದಲ್ಲಿ ಕೂತರೆ ಅದು ಗೋಡೆಯ ಅಂಚೋ ಗುರುತಿನ ಗೆರೆಯೋ ಎಂಬುದು ಪ್ರಿಂಟ್ ನೋಡಿದವರಿಗೆ ತಿಳಿಯುವುದಿಲ್ಲ. ಟ್ರ್ಯಾಕಿಂಗ್ ಅಭ್ಯಾಸವಾದರೆ ಹೆಚ್ಚು ಲಾಭ ಸಿಗುವುದು ಇಂತಹ ಪ್ಲಾನುಗಳಲ್ಲೇ ಎಂಬುದು ಈ ಲೇಖಕರ ಅನುಭವ.

ಎರಡು ಸಾಧನಗಳ ಕೆಲಸ ಬೇರೆ ಬೇರೆ. `F10` ಒತ್ತಿದಾಗ ಚಾಲೂ ಆಗುವ ಪೋಲಾರ್, ಗೆರೆಯ ಹಿಂದಿನ ಬಿಂದುವಿನಿಂದ ಹೊರಡುವ ದಿಕ್ಕನ್ನು ನಿಗದಿತ ಕೋನಗಳಿಗೆ ಹಿಡಿದಿಡುತ್ತದೆ: 90 ಎಂದು ಇಟ್ಟರೆ 0, 90, 180, 270, 45 ಇಟ್ಟರೆ ಅವುಗಳ ನಡುವಿನವೂ ಸೇರುತ್ತವೆ. `F11` ಒತ್ತಿದಾಗ ಚಾಲೂ ಆಗುವ ಓಟ್ರ್ಯಾಕ್, ಈಗಾಗಲೇ ಇರುವ ವಸ್ತುವಿನ ಯಾವುದೋ ಬಿಂದುವಿನಿಂದ ದಾರಿ ಹೊರಡಿಸುತ್ತದೆ. ಆ ಬಿಂದುವನ್ನು ಗುರುತಿಸಿಕೊಡುವುದು ಓಸ್ನ್ಯಾಪ್. ಆದ್ದರಿಂದ `F3` ಆಫ್ ಆಗಿದ್ದರೆ ಓಟ್ರ್ಯಾಕ್ ಆನ್ ಇದ್ದರೂ ಪ್ರಯೋಜನವಿಲ್ಲ. ಇನ್ನು `F8`ನ ಆರ್ಥೋ ಮತ್ತು ಪೋಲಾರ್ ಒಟ್ಟಿಗೆ ಇರಲಾರವು. ಒಂದು ಆನ್ ಆದರೆ ಇನ್ನೊಂದು ತಾನಾಗಿಯೇ ಆಫ್ ಆಗುತ್ತದೆ. ಚುಕ್ಕಿಗೆರೆ ಇದ್ದಕ್ಕಿದ್ದಂತೆ ಬಾರದೆ ಹೋದಾಗ ಮೊದಲು ನೋಡಬೇಕಾದ್ದು ಕೆಳಗಿನ ಪಟ್ಟಿಯ ಈ ಬಟನ್‌ಗಳನ್ನು.

ಹೊಸಬರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಟ್ರ್ಯಾಕಿಂಗ್‌ಗೆ ಬಿಂದುವನ್ನು ಹಿಡಿಯುವಾಗ ಕ್ಲಿಕ್ ಮಾಡಬಾರದು. ಕರ್ಸರನ್ನು ಗೋಡೆಯ ಮೂಲೆಯ ಮೇಲೆ ತಂದು ಕ್ಷಣ ನಿಲ್ಲಿಸಿದರೆ ಅಲ್ಲಿ ಪುಟ್ಟ ಕೂಡುಚಿಹ್ನೆ ಕಾಣಿಸುತ್ತದೆ. ಬಿಂದು ಹಿಡಿದಾಯಿತು ಎಂಬುದಕ್ಕೆ ಅದೇ ಗುರುತು. ಕ್ಲಿಕ್ ಮಾಡಿದರೆ ಗೆರೆಯೇ ಆ ಮೂಲೆಗೆ ಹೋಗಿಬಿಡುತ್ತದೆ. ಒಮ್ಮೆಗೆ ಏಳು ಬಿಂದುಗಳವರೆಗೆ ಹೀಗೆ ಹಿಡಿದಿಡಬಹುದು, ಆದರೆ ಮೂರಕ್ಕಿಂತ ಹೆಚ್ಚಾದರೆ ಯಾವ ಚುಕ್ಕಿಗೆರೆ ಯಾವುದರಿಂದ ಬಂತೆಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಬೇಡವಾದ ಕೂಡುಚಿಹ್ನೆಯ ಮೇಲೆ ಕರ್ಸರನ್ನು ಮತ್ತೊಮ್ಮೆ ಆಡಿಸಿದರೆ ಅದು ಹೋಗುತ್ತದೆ.

ಈಗ ಒಂದು ಪ್ಲಾನನ್ನೇ ತೆಗೆದುಕೊಳ್ಳಬಹುದು. ಉತ್ತರ ಮೇಲೆ, ರಸ್ತೆಯೂ ಉತ್ತರಕ್ಕೆ. ಸೈಟಿನ ಚೌಕಟ್ಟು 30 × 40 ಅಡಿ. ಸುತ್ತ ಬಿಡಬೇಕಾದ ಜಾಗ ಸೈಟಿಗೂ ನಿಯಮಕ್ಕೂ ತಕ್ಕಂತೆ ಬದಲಾಗುತ್ತದೆ. ಇಲ್ಲಿ ಲೆಕ್ಕಕ್ಕಾಗಿ ಎರಡು ಪಕ್ಕಗಳಲ್ಲಿ 3 ಅಡಿ, ಹಿಂದೆ 4 ಅಡಿ, ಮುಂದೆ 5 ಅಡಿ ಎಂದಿಟ್ಟುಕೊಂಡರೆ ಕಟ್ಟಡದ ಹೊರ ಅಳತೆ 24 × 31 ಅಡಿ. ಯೂನಿಟ್ಸ್ ಆರ್ಕಿಟೆಕ್ಚರಲ್. ಅಡಿಯ ಗುರುತು ಹಾಕದೆ ಬರೀ 8 ಎಂದು ಒತ್ತಿದರೆ ಎಂಟು ಇಂಚು ಎಂದಾಗುತ್ತದೆ, ಎಂಟು ಅಡಿಗೆ `8'` ಎಂದೇ ಬರೆಯಬೇಕು.

ಕಟ್ಟಡದ ನೈಋತ್ಯ ಮೂಲೆ ಸೈಟಿನ ನೈಋತ್ಯ ಮೂಲೆಯಿಂದ ಬಲಕ್ಕೆ 3 ಅಡಿ, ಮೇಲಕ್ಕೆ 4 ಅಡಿ. ಒಂದು ಬಿಂದುವಿನಿಂದ ಹೊರಟ ಚುಕ್ಕಿಗೆರೆಯ ಮೇಲೆ ಒಂದೇ ಅಳತೆ ಕೊಡಬಹುದು, ಇಲ್ಲಿ ಬೇಕಿರುವುದು ಎರಡು. ಇಂತಹ ಕಡೆ `TK` ನೆರವಿಗೆ ಬರುತ್ತದೆ. ಆಯತದ ಕಮಾಂಡ್ ಮೊದಲ ಮೂಲೆ ಕೇಳುವಾಗ ಹೀಗೆ ಮಾಡಬೇಕು:

```
TK
(ಸೈಟಿನ ಮೂಲೆಯನ್ನು ಕ್ಲಿಕ್ ಮಾಡಿ, ಕರ್ಸರ್ ಬಲಕ್ಕೆ)
3'
(ಕರ್ಸರ್ ಮೇಲಕ್ಕೆ)
4'
(ಬರೀ ಎಂಟರ್)
```

ಕೊನೆಯ ಬರೀ ಎಂಟರ್ ಟ್ರ್ಯಾಕಿಂಗ್ ಮುಗಿಸಿ ಆ ಬಿಂದುವನ್ನು ಆಯತದ ಕಮಾಂಡಿಗೆ ಒಪ್ಪಿಸುತ್ತದೆ. ಇಲ್ಲಿ ಮಾತ್ರ ಮೂಲೆಯನ್ನು ಕ್ಲಿಕ್ ಮಾಡಲೇಬೇಕು ಎಂಬುದನ್ನು ಮರೆಯುವಂತಿಲ್ಲ. ಎದುರು ಮೂಲೆಗೆ `@24',31'` ಕೊಟ್ಟು, ಒಳಕ್ಕೆ 9 ಇಂಚು ಆಫ್‌ಸೆಟ್ ಮಾಡಿದರೆ ಹೊರಗೋಡೆ ಸಿದ್ಧ.

ವಾಸ್ತು ಪ್ರಕಾರ ನೈಋತ್ಯದಲ್ಲಿ ಮಲಗುವ ಕೋಣೆ, ಆಗ್ನೇಯದಲ್ಲಿ ಅಡುಗೆಮನೆ ಎಂದು ಮನೆಯವರು ಕೇಳಿದ್ದಾರೆ, ಮಲಗುವ ಕೋಣೆಯ ಉತ್ತರದ ಗೋಡೆ ಆಗಲೇ ಎಳೆದಾಗಿದೆ ಎನ್ನೋಣ. ಅಡುಗೆಮನೆಯ ಒಳ ಅಗಲ 8 ಅಡಿ, ಅದರ ಉತ್ತರದ ಗೋಡೆ ಮಲಗುವ ಕೋಣೆಯ ಉತ್ತರದ ಗೋಡೆಯ ನೇರಕ್ಕೇ ಬರಬೇಕು. ಹೀಗೆ ಬಂದರೆ ಹಾಲಿನಲ್ಲಿ ನಿಂತವರಿಗೆ ಎರಡೂ ಗೋಡೆ ಒಂದೇ ಗೆರೆಯಲ್ಲಿ ಕಾಣುತ್ತವೆ. `LINE` ಕೊಟ್ಟು, ಒಳಗಿನ ಆಗ್ನೇಯ ಮೂಲೆಯ ಮೇಲೆ ಕರ್ಸರ್ ನಿಲ್ಲಿಸಿ, ಕೂಡುಚಿಹ್ನೆ ಬಂದ ಮೇಲೆ ಗೋಡೆಯ ಉದ್ದಕ್ಕೆ ಎಡಕ್ಕೆ ಸರಿಸಬೇಕು. ಚುಕ್ಕಿಗೆರೆ ಕಾಣುತ್ತಿರುವಾಗ `8'` ಒತ್ತಿದರೆ ಗೆರೆ ಸರಿಯಾದ ಜಾಗದಲ್ಲಿ ಶುರುವಾಗುತ್ತದೆ. ಬಳಿಕ ಕರ್ಸರನ್ನು ಮಲಗುವ ಕೋಣೆಯ ಉತ್ತರದ ಗೋಡೆಯ ತುದಿಗೆ ಒಯ್ದು ನಿಲ್ಲಿಸಿ, ಕ್ಲಿಕ್ ಮಾಡದೆ ಬಲಕ್ಕೆ ಹಿಂತಿರುಗಬೇಕು. ಅಡುಗೆಮನೆಯ ಗೆರೆಯ ನೇರಕ್ಕೆ ಬಂದಾಗ ಎರಡು ಚುಕ್ಕಿಗೆರೆಗಳು ಒಂದನ್ನೊಂದು ಕತ್ತರಿಸುತ್ತವೆ: ಮೇಲಕ್ಕೆ ಹೋಗುವ ಪೋಲಾರ್ ದಾರಿ, ಎಡಗಡೆಯ ತುದಿಯಿಂದ ಬಂದ ಓಟ್ರ್ಯಾಕ್ ದಾರಿ. ಕ್ಲಿಕ್ ಮಾಡುವುದು ಆಗ.

ಕ್ಲಿಕ್‌ಗೆ ಮುಂಚೆ ಕರ್ಸರ್ ಪಕ್ಕದ ಚೀಟಿಯನ್ನು ಓದುವ ಅಭ್ಯಾಸ ಅಗತ್ಯವಾಗಿ ಬೇಕು. ಅದರಲ್ಲಿ `Polar` ಮತ್ತು `Endpoint` ಎರಡೂ ಹೆಸರುಗಳು ಕೋನದ ಸಮೇತ ಇರಬೇಕು. ಒಂದೇ ಹೆಸರಿದ್ದರೆ ಕರ್ಸರ್ ಒಂದು ದಾರಿಯ ಮೇಲಷ್ಟೇ ಇದೆ; `Polar` ಮಾತ್ರ ಇದ್ದರೆ ಗೆರೆ ಲಂಬವಾಗಿರುತ್ತದೆ, ಆದರೆ ಎತ್ತರ ಅಂದಾಜಿನದು. ನೋಡಲು ಎರಡೂ ಒಂದೇ ತರಹ ಕಾಣುವುದರಿಂದ ಈ ತಪ್ಪು ಬೇಗ ಸಿಕ್ಕುವುದಿಲ್ಲ.

ಇದಕ್ಕಿಂತ ಕೆಟ್ಟದ್ದು, ಚುಕ್ಕಿಗೆರೆಯೇ ಇಲ್ಲದಾಗ ಅಳತೆ ಒತ್ತುವುದು. ಆಟೋಕ್ಯಾಡ್ ದೂರುವುದಿಲ್ಲ, ಕರ್ಸರ್ ಆ ಕ್ಷಣದಲ್ಲಿ ಇದ್ದ ದಿಕ್ಕಿಗೇ ಆ ಉದ್ದವನ್ನು ಹಾಕಿಬಿಡುತ್ತದೆ. ದಿಕ್ಕು 0.4 ಡಿಗ್ರಿ ಓರೆಯಾಗಿದ್ದರೂ 24 ಅಡಿ ಗೋಡೆಯ ತುದಿ ಸುಮಾರು ಎರಡು ಇಂಚು ಸರಿದಿರುತ್ತದೆ. ಪರದೆಯಲ್ಲಿ ಅದು ಕಾಣದು, ಏಕೆಂದರೆ ಯೂನಿಟ್ಸ್‌ನಲ್ಲಿ ಕೋನದ ನಿಖರತೆ ಪೂರ್ಣಾಂಕಕ್ಕೆ ಇದ್ದರೆ 0.4 ಡಿಗ್ರಿಯನ್ನೂ ತಂತ್ರಾಂಶ 0 ಎಂದೇ ತೋರಿಸುತ್ತದೆ. ಅನುಮಾನ ಬಂದ ಗೆರೆಯನ್ನು ಪರೀಕ್ಷಿಸಲು ನಿಖರತೆಯನ್ನು ನಾಲ್ಕು ದಶಮಾಂಶಕ್ಕೆ ಏರಿಸಿ `LIST` ಕೊಡಬೇಕು. ಆಫ್‌ಸೆಟ್ ಮಾಡಿದ ಗೆರೆಗಳು ಮೂಲೆಯಲ್ಲಿ ಕೂಡದಿರುವುದು, ಹ್ಯಾಚ್ ತುಂಬಲು ನಿರಾಕರಿಸುವುದು, ಇಂಥವುಗಳ ಮೂಲವನ್ನು ಹುಡುಕುವಾಗ ಇಂತಹ ಓರೆಯನ್ನೂ ನೋಡುವುದು ಒಳ್ಳೆಯದು.

ಕೋಣೆಯ ನಡುವೆ ದೀಪದ ಬಿಂದು ಇಡುವಾಗ ಇನ್ನೊಂದು ಉಪಯೋಗ. ಕೆಳಗಿನ ಗೋಡೆಯ ಮಿಡ್‌ಪಾಯಿಂಟ್, ಎಡಗೋಡೆಯ ಮಿಡ್‌ಪಾಯಿಂಟ್, ಎರಡನ್ನೂ ಹಿಡಿದು ಅವುಗಳ ಚುಕ್ಕಿಗೆರೆಗಳು ಕೂಡುವಲ್ಲಿ ಕ್ಲಿಕ್ ಮಾಡಿದರೆ ಕರ್ಣ ಎಳೆಯುವ ಕೆಲಸವಿಲ್ಲ. ಆದರೆ ಮೇಲಿನ ಪ್ಲಾನಿನಲ್ಲಿ ಕೆಳಗಿನ ಒಳಗೋಡೆ 22 ಅಡಿ 6 ಇಂಚಿನ ಒಂದೇ ಗೆರೆ. ಅದರ ಮಿಡ್‌ಪಾಯಿಂಟ್ ಅಡುಗೆಮನೆಯ ನಡುವಲ್ಲ, ಇಡೀ ಮನೆಯ ನಡು. ಅಡ್ಡಗೋಡೆ ಸೇರಿದ ಕಡೆ ಆ ಗೆರೆಯನ್ನು ತುಂಡರಿಸದಿದ್ದರೆ ದೀಪ ಅಡುಗೆಮನೆ ಬಿಟ್ಟು ಎಲ್ಲೋ ಹೋಗುತ್ತದೆ. ತುಂಡರಿಸಲು ಇಷ್ಟವಿಲ್ಲದಿದ್ದರೆ `M2P` ಕೊಟ್ಟು ಕೋಣೆಯ ಎದುರುಬದುರು ಮೂಲೆಗಳನ್ನು ಕ್ಲಿಕ್ ಮಾಡುವುದೇ ಸುರಕ್ಷಿತ.

ಓಸ್ನ್ಯಾಪ್ ಪಟ್ಟಿಯಲ್ಲಿ ಎಲ್ಲವನ್ನೂ ಆನ್ ಮಾಡಿಡುವವರು ಬಹಳ. ಮನೆಯ ಪ್ಲಾನಿಗೆ ಎಂಡ್‌ಪಾಯಿಂಟ್, ಮಿಡ್‌ಪಾಯಿಂಟ್, ಇಂಟರ್‌ಸೆಕ್ಷನ್, ಸೆಂಟರ್ ಸಾಕು. ನಿಯರೆಸ್ಟ್ ಮಾತ್ರ ಸದಾ ಆನ್ ಇರಬಾರದು: ಅದು ಗೆರೆಯ ಯಾವ ಜಾಗಕ್ಕಾದರೂ ಅಂಟಿಕೊಳ್ಳುವುದರಿಂದ, ಚುಕ್ಕಿಗೆರೆಗಳು ಕೂಡುವ ಜಾಗದ ಪಕ್ಕದಲ್ಲೇ ಗೋಡೆ ಇದ್ದರೆ ಬಿಂದು ಆ ಗೋಡೆಗೆ ಸೇರಿಬಿಡುತ್ತದೆ.

ಸೈಟು ಓರೆಯಾಗಿದ್ದಾಗ ಕೆಲಸ ಕಷ್ಟವಾಗುತ್ತದೆ. ರಸ್ತೆಗಳು ಲಂಬವಾಗಿ ಸೇರದ ಮೂಲೆ ಸೈಟು, ಇಲ್ಲವೇ ಉತ್ತರವನ್ನು ನೇರ ಮೇಲಕ್ಕಿಟ್ಟ ಸರ್ವೆ ನಕ್ಷೆ, ಎರಡರಲ್ಲೂ ಗಡಿಗೆರೆ ಅಡ್ಡ ಗೆರೆಯಿಂದ ಕೆಲವು ಡಿಗ್ರಿ ತಿರುಗಿರುತ್ತದೆ. 7 ಡಿಗ್ರಿ ಎಂದಿಟ್ಟುಕೊಂಡರೆ ಪೋಲಾರ್ ಸೆಟ್ಟಿಂಗ್‌ನ ಹೆಚ್ಚುವರಿ ಕೋನಗಳಲ್ಲಿ 7 ಸೇರಿಸಬಹುದು. ಆದರೆ ಹೆಚ್ಚುವರಿ ಕೋನ ಒಂದೇ ದಿಕ್ಕಿಗೆ ಸೀಮಿತ, ಅದರ ಮಡಿಗಳು ಬರುವುದಿಲ್ಲ. ಆಯತಾಕಾರದ ಮನೆಗೆ 7, 97, 187, 277 ನಾಲ್ಕನ್ನೂ ಬರೆಯಬೇಕು. ಜೊತೆಗೆ ಓಟ್ರ್ಯಾಕ್ ಮೊದಲಿಗೆ ಅಡ್ಡ ಮತ್ತು ಲಂಬ ದಿಕ್ಕುಗಳನ್ನು ಮಾತ್ರ ಅನುಸರಿಸುವಂತೆ ಇರುತ್ತದೆ. `DSETTINGS`ನ ಪೋಲಾರ್ ಪುಟದಲ್ಲಿ `Track using all polar angle settings` ಆರಿಸದಿದ್ದರೆ ಗೆರೆಯೇನೋ 7 ಡಿಗ್ರಿಗೆ ಹೋಗುತ್ತದೆ, ಹಿಡಿದ ಬಿಂದುವಿನ ಚುಕ್ಕಿಗೆರೆ ಮಾತ್ರ ಹಳೆಯ 0 ಮತ್ತು 90ರಲ್ಲೇ ಉಳಿಯುತ್ತದೆ.

ಇಡೀ ಮನೆಯೇ ಓರೆಯಾಗಿದ್ದರೆ ಈ ಲೇಖಕರು ಮೆಚ್ಚುವ ದಾರಿ ಬೇರೆ: `UCS` ಕೊಟ್ಟು `OB` ಆರಿಸಿ ಗಡಿಗೆರೆಯನ್ನು ತೋರಿಸುವುದು, ನಂತರ `PLAN` ಕೊಟ್ಟು ನೋಟವನ್ನೂ ತಿರುಗಿಸುವುದು. ಈಗ 0 ಎಂದರೆ ಗಡಿಗೆರೆಯ ದಿಕ್ಕು, ಮೇಲೆ ಹೇಳಿದ ಅಡುಗೆಮನೆಯ ಹೆಜ್ಜೆಗಳು ಒಂದೂ ಬದಲಾಗದೆ ನಡೆಯುತ್ತವೆ. ಕೆಲಸ ಮುಗಿದ ಮೇಲೆ `UCS`ನಲ್ಲಿ `W` ಕೊಟ್ಟು, ಮತ್ತೊಮ್ಮೆ `PLAN` ಕೊಟ್ಟು ಹಿಂದಿನ ಸ್ಥಿತಿಗೆ ಮರಳಬೇಕು. ಒಂದೆರಡು ಓರೆ ಗೋಡೆಗಳಷ್ಟೇ ಇದ್ದರೆ ಪ್ಯಾರಲಲ್ ಓಸ್ನ್ಯಾಪ್ ಸಾಕು. ಹೊಸ ಗೆರೆಯ ಮೊದಲ ಬಿಂದು ಕೊಟ್ಟ ಮೇಲೆ ಓರೆ ಗೆರೆಯ ಮೇಲೆ ಕರ್ಸರ್ ನಿಲ್ಲಿಸಿ ಬಂದರೆ ಅದಕ್ಕೆ ಸಮಾನಾಂತರ ದಾರಿ ಸಿಗುತ್ತದೆ.

ಟ್ರ್ಯಾಕಿಂಗ್ ಹೊಂದಿಸಿದ ನೇರ, ಬಿಂದು ಇಟ್ಟ ಆ ಕ್ಷಣಕ್ಕೆ ಮಾತ್ರ. ನಾಳೆ ಮನೆಯವರು ಮಲಗುವ ಕೋಣೆಯನ್ನು ಒಂದಡಿ ದೊಡ್ಡದು ಮಾಡಿ ಎಂದರೆ ಆ ಗೋಡೆ ಸರಿಯುತ್ತದೆ, ಅಡುಗೆಮನೆಯ ಗೋಡೆ ಇದ್ದಲ್ಲೇ ಇರುತ್ತದೆ. ಎರಡನ್ನೂ ಒಟ್ಟಿಗೆ ಸ್ಟ್ರೆಚ್ ಮಾಡುವುದು ಎಳೆಯುವವರ ಹೊಣೆ. ಕಂಬಗಳ ಗ್ರಿಡ್‌ಗೆ ಟ್ರ್ಯಾಕಿಂಗ್ ಒಗ್ಗದಿರುವುದೂ ಇದರಿಂದಲೇ. ಗ್ರಿಡ್ ಗೆರೆಗಳನ್ನು ಸ್ಟ್ರಕ್ಚರಲ್ ಎಂಜಿನಿಯರ್ ನೋಡುತ್ತಾರೆ, ಸೈಟಿನಲ್ಲಿ ಮೇಸ್ತ್ರಿ ದಾರ ಕಟ್ಟುವುದೂ ಅವುಗಳನ್ನು ನೋಡಿಯೇ, ಮೇಲಿನ ಮಹಡಿಯ ಪ್ಲಾನೂ ಅವುಗಳ ಮೇಲೆಯೇ ಕೂರುತ್ತದೆ. ಅವನ್ನು ಬೇರೆ ಲೇಯರ್‌ನಲ್ಲಿ ನಿಜವಾದ ಗೆರೆಗಳಾಗಿಯೇ ಎಳೆದಿಡಬೇಕು. ಎಲಿವೇಶನ್‌ನಲ್ಲಿಯೂ ಒಂದೇ ಕಿಟಕಿಯನ್ನು ಪ್ಲಾನಿನಿಂದ ಮೇಲಕ್ಕೆ ತರಲು ಓಟ್ರ್ಯಾಕ್ ಸರಿ. ಸಜ್ಜೆ, ಲಿಂಟೆಲ್, ಸಿಲ್ ಎಲ್ಲವೂ ಹತ್ತಾರು ಕಿಟಕಿಗಳಿಗೆ ಒಂದೇ ಮಟ್ಟದಲ್ಲಿ ಬರಬೇಕಾದಾಗ ಆ ಮಟ್ಟಗಳಿಗೆ `XLINE` ಎಳೆದುಕೊಳ್ಳುವುದೇ ಬೇಗ ಮುಗಿಯುವ ಕೆಲಸ.