ಮಕ್ಕಳಿಗೆ ಫ್ಲೂ ಲಸಿಕೆ ಹಾಕಿದರೆ ಅಜ್ಜ-ಅಜ್ಜಿಗೆ ಏನು ಲಾಭ?

ಮನೆಯಲ್ಲಿ ವಯಸ್ಸಾದವರಿಗೆ ಫ್ಲೂ ಜ್ವರ ಬಂದಾಗ, ಅದು ಎಲ್ಲಿಂದ ಬಂತು ಎಂದು ವಿಚಾರಿಸಿದರೆ ಅನೇಕ ಸಲ ನಾಲ್ಕು ದಿನದ ಹಿಂದೆ ಶಾಲೆಗೆ ಹೋಗುವ ಮೊಮ್ಮಗುವಿಗೆ ಕೆಮ್ಮು, ಜ್ವರ ಇದ್ದದ್ದು ತಿಳಿಯುತ್ತದೆ. ಒಂದೇ ಕೋಣೆಯಲ್ಲಿ ಒತ್ತಾಗಿ ಕುಳಿತುಕೊಳ್ಳುವ ಮಕ್ಕಳಲ್ಲಿ ಈ ವೈರಾಣು ಬೇಗ ಹರಡುತ್ತದೆ. ದೊಡ್ಡವರಿಗಿಂತ ಹೆಚ್ಚು ದಿನ ಅವರ ಮೂಗು, ಗಂಟಲಿನಿಂದ ಅದು ಹೊರಬೀಳುತ್ತದೆ. ಮಗು ಮೂರ್ನಾಲ್ಕು ದಿನದಲ್ಲಿ ಎದ್ದು ಆಡುತ್ತದೆ. ಅಜ್ಜನಿಗೆ ಅದೇ ಸೋಂಕು ನ್ಯುಮೋನಿಯಾ ಆಗಬಹುದು.

ವಯಸ್ಸಾದವರ ದೇಹದಲ್ಲಿ ಲಸಿಕೆಯೂ ಅಷ್ಟು ಬಲವಾಗಿ ಕೆಲಸ ಮಾಡುವುದಿಲ್ಲ. ಹಾಗಾದರೆ ಮಕ್ಕಳಿಗೇ ಲಸಿಕೆ ಹಾಕಿ, ದಾರಿಯಲ್ಲೇ ರೋಗವನ್ನು ತಡೆಯಬಹುದೇ?

ಇದನ್ನು ಕೆನಡಾ ದೇಶದ ವೈದ್ಯರು 2008-09ರ ಚಳಿಗಾಲದಲ್ಲಿ ಪರೀಕ್ಷಿಸಿ ನೋಡಿದರು. ಅಲ್ಲಿ ಹಟರೈಟ್ ಎಂಬ ಕ್ರೈಸ್ತ ಪಂಗಡದವರು ಹೊಲಗಳ ನಡುವೆ ಚಿಕ್ಕ ಚಿಕ್ಕ ವಸತಿಗಳಲ್ಲಿ ಕೂಡಿ ಬಾಳುತ್ತಾರೆ. ಅವರ ಆಸ್ತಿ ಒಂದೇ, ಊಟ ಒಂದೇ ಪಂಕ್ತಿಯಲ್ಲಿ. ಹೊರಗಿನವರ ಸಂಪರ್ಕ ಕಡಿಮೆಯಾದ್ದರಿಂದ ರೋಗ ಒಳಗೆ ಹೇಗೆ ಹರಡುತ್ತದೆಂದು ಅಲ್ಲಿ ನೋಡುವುದು ಸುಲಭ. ಒಟ್ಟು 49 ವಸತಿಗಳನ್ನು ಆರಿಸಿಕೊಂಡರು. ಕೆಲವು ವಸತಿಗಳಲ್ಲಿ 3ರಿಂದ 15 ವರ್ಷದ ಮಕ್ಕಳಿಗೆ ಫ್ಲೂ ಲಸಿಕೆ ಹಾಕಿದರು. ಉಳಿದ ವಸತಿಗಳ ಮಕ್ಕಳಿಗೆ ಫ್ಲೂಗೆ ಸಂಬಂಧವಿಲ್ಲದ ಕಾಮಾಲೆ (ಹೆಪಟೈಟಿಸ್-ಎ) ಲಸಿಕೆ ಕೊಟ್ಟರು. ಎರಡೂ ಕಡೆ ಸುಮಾರು ಶೇ. 80ರಷ್ಟು ಮಕ್ಕಳಿಗೆ ಲಸಿಕೆ ಆಗಿತ್ತು.

ಆಮೇಲೆ ಅವರು ಎಣಿಸಿದ್ದು ಈ ಲಸಿಕೆ ಪಡೆಯದ ಉಳಿದ ಜನರನ್ನು. ಲಕ್ಷಣ ಕಂಡವರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಫ್ಲೂ ಹೌದೋ ಅಲ್ಲವೋ ಎಂದು ಖಚಿತಪಡಿಸಿಕೊಂಡರು. ಕಾಮಾಲೆ ಲಸಿಕೆಯ ವಸತಿಗಳಲ್ಲಿ 1,055 ಜನರ ಪೈಕಿ 80 ಜನರಿಗೆ ಫ್ಲೂ ಬಂದಿತ್ತು. ಮಕ್ಕಳಿಗೆ ಫ್ಲೂ ಲಸಿಕೆ ಹಾಕಿದ ವಸತಿಗಳಲ್ಲಿ 1,271 ಜನರ ಪೈಕಿ 39 ಜನರಿಗೆ ಮಾತ್ರ. ಅಂದರೆ ನೂರಕ್ಕೆ ಎಂಟರ ಹತ್ತಿರ ಇದ್ದದ್ದು ಮೂರಕ್ಕೆ ಇಳಿಯಿತು. ಚುಚ್ಚುಮದ್ದು ಮಾತ್ರ ಇವರ ತೋಳಿಗೆ ಬಿದ್ದಿರಲಿಲ್ಲ! ಇದನ್ನೇ ಸಮೂಹ ರಕ್ಷಣೆ ಎನ್ನುತ್ತಾರೆ. ಒಂದು ಮಗುವಿಗೆ ಸೋಂಕು ತಗುಲದಿದ್ದರೆ, ಅದರಿಂದ ಅಜ್ಜಿಗೆ, ಅಜ್ಜಿಯಿಂದ ಪಕ್ಕದ ಮನೆಯವರಿಗೆ ಹೋಗುವ ಸರಪಳಿ ಅಲ್ಲಿಗೇ ಕಡಿಯುತ್ತದೆ.

ಆದರೆ ಎಲ್ಲ ಕಡೆ, ಎಲ್ಲ ವರ್ಷ ಇಷ್ಟೇ ಫಲ ಸಿಗುತ್ತದೆಂದು ತಿಳಿಯಬಾರದು. ಫ್ಲೂ ವೈರಾಣು ವೇಷ ಬದಲಿಸುತ್ತಲೇ ಇರುತ್ತದೆ. ಲಸಿಕೆ ಆ ವರ್ಷದ ವೈರಾಣುವಿಗೆ ಹೊಂದದಿದ್ದರೆ ರಕ್ಷಣೆ ತಗ್ಗುತ್ತದೆ. ಹರಿಯಾಣದ ಬಲ್ಲಭಗಢ ಸುತ್ತಲಿನ ಹಳ್ಳಿಗಳಲ್ಲಿ ಇಂಥದೇ ಅಧ್ಯಯನ ಮೂರು ವರ್ಷ ನಡೆದಾಗ, ಲಸಿಕೆ ಪಡೆಯದವರಿಗೆ ಸ್ಪಷ್ಟ ಲಾಭ ಕಂಡದ್ದು ಮೂರನೆಯ ವರ್ಷ ಮಾತ್ರ. ಊರಿನಲ್ಲಿ ನಾಲ್ಕೈದು ಮಕ್ಕಳಿಗೆ ಹಾಕಿಸಿದರೂ ಸರಪಳಿ ಕಡಿಯುವುದಿಲ್ಲ. ಬಹುಪಾಲು ಮಕ್ಕಳಿಗೆ ಆಗಬೇಕು. ಹಾಗಾಗಿ ಮೊಮ್ಮಗುವಿಗೆ ಹಾಕಿಸಿದ್ದೇವೆಂದು ಅಜ್ಜನ ಲಸಿಕೆಯನ್ನು ಬಿಡಬೇಡಿ.

ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ಸಲ ಹಾಕಿಸುವಾಗ ಕನಿಷ್ಠ ನಾಲ್ಕು ವಾರದ ಅಂತರದಲ್ಲಿ ಎರಡು ಸಲ ಕೊಡುತ್ತಾರೆ. ನಂತರ ವರ್ಷಕ್ಕೊಂದು. ಲಸಿಕೆಯ ಶಕ್ತಿ ಬರಲು ಸುಮಾರು ಎರಡು ವಾರ ಬೇಕಾದ್ದರಿಂದ, ಊರಿನಲ್ಲಿ ಜ್ವರ ಎದ್ದ ಮೇಲೆ ಓಡಿಬರುವುದಕ್ಕಿಂತ ಮಳೆಗಾಲಕ್ಕೆ ಮೊದಲೇ ವೈದ್ಯರನ್ನು ಕಾಣಿರಿ.